26ರ ಗೆರೆ

ಗಡಿಯಾರದ ಚಿತ್ರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ. ಈಗ ಹೇಳುವ ಐದು ಪದಗಳನ್ನು ಸ್ವಲ್ಪ ಹೊತ್ತಿನ ಮೇಲೆ ನೆನಪಿಸಿಕೊಂಡು ಹೇಳಿ. ಮರೆವಿನ ಕಾಯಿಲೆಯ ಅನುಮಾನವಿದ್ದವರಿಗೆ ವೈದ್ಯರು ಮಾಡುವ ‘ಮೋಕಾ’ ಪರೀಕ್ಷೆಯಲ್ಲಿ ಇಂಥ ಪ್ರಶ್ನೆಗಳಿರುತ್ತವೆ. 2005ರಲ್ಲಿ ಪ್ರಕಟವಾದ ಈ ಪರೀಕ್ಷೆಗೆ ಒಟ್ಟು 30 ಅಂಕ. 26 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರಿ, ಕಡಿಮೆಯಾದರೆ ಅನುಮಾನ. ಈ 26ರ ಗೆರೆಗೆ ಕಟ್‌ಆಫ್ ಎನ್ನುತ್ತಾರೆ.

ಗೆರೆ ಸರಿಯಾದ ಜಾಗದಲ್ಲಿದೆಯೇ ಎಂದು ನೋಡಲು ಎರಡು ಪ್ರಶ್ನೆ ಕೇಳಬೇಕು. ಕಾಯಿಲೆ ಇರುವ ನೂರು ಜನರಲ್ಲಿ ಎಷ್ಟು ಮಂದಿಯನ್ನು ಪರೀಕ್ಷೆ ಹಿಡಿಯಿತು? ಅದು ಸೆನ್ಸಿಟಿವಿಟಿ. ಕಾಯಿಲೆ ಇಲ್ಲದ ನೂರು ಜನರಲ್ಲಿ ಎಷ್ಟು ಮಂದಿಯನ್ನು ಬಿಟ್ಟು ಕಳಿಸಿತು? ಅದು ಸ್ಪೆಸಿಫಿಸಿಟಿ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ಸಮೀಕ್ಷೆಯ ಪ್ರಕಾರ, 26ರ ಗೆರೆಯಲ್ಲಿ ಮೋಕಾ ಡಿಮೆನ್ಶಿಯಾ ಇರುವ ನೂರರಲ್ಲಿ 94 ಅಥವಾ ಹೆಚ್ಚು ಜನರನ್ನು ಹಿಡಿಯುತ್ತದೆ. ಆದರೆ ಆರೋಗ್ಯವಂತರಲ್ಲಿ ಅದು ಬಿಟ್ಟು ಕಳಿಸುವುದು 60 ಅಥವಾ ಅದಕ್ಕೂ ಕಡಿಮೆ ಜನರನ್ನು.

ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಕ್ಲಿನಿಕ್ಕಿಗೆ ಬರುವ 1000 ವೃದ್ಧರಲ್ಲಿ 50 ಮಂದಿಗೆ ಡಿಮೆನ್ಶಿಯಾ ಇದೆ ಎನ್ನಿ. ಪರೀಕ್ಷೆ 47 ಮಂದಿಯನ್ನು ಹಿಡಿಯುತ್ತದೆ, ಮೂವರು ತಪ್ಪಿಹೋಗುತ್ತಾರೆ. ಉಳಿದ 950 ಆರೋಗ್ಯವಂತರಲ್ಲಿ 380 ಮಂದಿಯ ಮೇಲೂ ಅನುಮಾನದ ಮುದ್ರೆ ಬೀಳುತ್ತದೆ. ಅಂದರೆ ಅನುಮಾನಕ್ಕೆ ಗುರಿಯಾದ 427 ಜನರಲ್ಲಿ ನಿಜವಾಗಿ ಕಾಯಿಲೆ ಇರುವವರು 47, ಒಂಬತ್ತಕ್ಕೆ ಒಬ್ಬರು. ಅದೇ ಪರೀಕ್ಷೆಯನ್ನು ಅರ್ಧದಷ್ಟು ಜನರಿಗೆ ಕಾಯಿಲೆ ಇರುವ ಮರೆವಿನ ತಜ್ಞರ ಕ್ಲಿನಿಕ್ಕಿನಲ್ಲಿ ಮಾಡಿದರೆ, ಕಡಿಮೆ ಅಂಕ ಬಂದ ಹತ್ತರಲ್ಲಿ ಏಳು ಜನರಿಗೆ ಕಾಯಿಲೆ ನಿಜವಾಗಿರುತ್ತದೆ. ಪರೀಕ್ಷೆಯೂ ಗೆರೆಯೂ ಅವೇ, ಬಂದವರು ಮಾತ್ರ ಬೇರೆ.

ಹಾಗಾದರೆ ಗೆರೆಯನ್ನು 23ಕ್ಕೆ ಇಳಿಸಬಹುದಲ್ಲ? ಇಳಿಸಬಹುದು, ಹಾಗೆ ಸೂಚಿಸಿದ ಸಂಶೋಧಕರೂ ಇದ್ದಾರೆ. ಸುಮ್ಮನೆ ಗಾಬರಿಯಾಗುವವರು ಕಡಿಮೆಯಾಗುತ್ತಾರೆ, ಆದರೆ ಆರಂಭದ ಹಂತದಲ್ಲಿರುವ ಕೆಲವರು ಕೈತಪ್ಪುತ್ತಾರೆ. ಒಂದು ತಪ್ಪನ್ನು ತಗ್ಗಿಸಿದರೆ ಇನ್ನೊಂದು ಏರುತ್ತದೆ. ಯಾವ ತಪ್ಪನ್ನು ತಾಳಿಕೊಳ್ಳಬಹುದು ಎಂಬುದು ಮುಂದಿನ ತಪಾಸಣೆಗೆ ಎಷ್ಟು ಅನುಕೂಲವಿದೆ ಎಂಬುದನ್ನು ನೋಡಿ ಮಾಡಬೇಕಾದ ತೀರ್ಮಾನ.

ಓದು ಇನ್ನೊಂದು ತೊಡಕು. ಜೀವನದಲ್ಲಿ ಪೆನ್ಸಿಲ್ ಹಿಡಿಯದ ಅಜ್ಜಿಗೆ ಘನಾಕೃತಿಯನ್ನು ನೋಡಿ ಬರೆಯಲು ಹೇಳಿದರೆ ಅಂಕ ಹೋಗುವುದು ಮರೆವಿನಿಂದಲ್ಲ. 12 ವರ್ಷಕ್ಕಿಂತ ಹೆಚ್ಚು ಓದದವರಿಗೆ ಮೋಕಾ ಒಂದು ಅಂಕ ಸೇರಿಸುತ್ತದೆ, ಆದರೆ ಶಾಲೆಯನ್ನೇ ನೋಡದವರಿಗೆ ಅದು ಸಾಲದು. ಓದಿನ ಇಂಥ ತೊಡಕಿನಿಂದಾಗಿಯೇ ಹಿಂದೆ ಹರಿಯಾಣದ ಬಲ್ಲಭಗಢದಲ್ಲಿ, ಓದುಬರಹ ಬಾರದ ಹಳ್ಳಿಗರಿಗೆಂದು ಹಿಂದಿಯಲ್ಲಿ ಪ್ರತ್ಯೇಕ ಪರೀಕ್ಷೆ ರೂಪಿಸಬೇಕಾಯಿತು.

ಮನೆಯವರ ಅಂಕ 24 ಬಂದರೆ ಅದು ಕಾಯಿಲೆಯ ಹೆಸರಲ್ಲ. ಥೈರಾಯ್ಡ್, ಬಿ12, ಕಿವಿ, ಖಿನ್ನತೆ ಇವನ್ನೆಲ್ಲ ನೋಡಿದಿರಾ ಎಂದು ವೈದ್ಯರನ್ನು ಕೇಳಿ. ದಿನದ ಕೆಲಸಗಳಲ್ಲಿ ಕಂಡ ಬದಲಾವಣೆಯನ್ನು ನೀವೇ ಅವರಿಗೆ ಹೇಳಿ.