ಕಲ್ಲಂಗಡಿಯ ಮೇಲೇಕೆ ಅನುಮಾನ?

ಬೇಸಿಗೆ ಬಂತೆಂದರೆ ವಿಜಯನಗರ, ರಾಜಾಜಿನಗರದ ರಸ್ತೆ ಬದಿಗಳಲ್ಲಿ ಕಲ್ಲಂಗಡಿ ತಳ್ಳುಗಾಡಿಗಳು ಸಾಲುಗಟ್ಟುತ್ತವೆ. ಹತ್ತಿರದ ಜಿಮ್‌ನಿಂದ ಬೆವರೊರೆಸಿಕೊಂಡು ಬರುವ ಹುಡುಗರು ಮಾತ್ರ ಅತ್ತ ನೋಡಿಯೂ ಮುಂದೆ ನಡೆಯುತ್ತಾರೆ. ಕಾರಣ ಕೇಳಿದರೆ ‘ಅದರ ಜಿಐ ಜಾಸ್ತಿ, ಫ್ಯಾಟ್ ಕರಗಲ್ಲ’ ಎನ್ನುತ್ತಾರೆ. ಈ ಜಿಐ ಎಂದರೇನು, ಅದು ಹೇಳುವುದೇನು ಎಂದು ನೋಡಿದರೆ ಕಲ್ಲಂಗಡಿಗೆ ಅನ್ಯಾಯವಾಗಿರುವುದು ತಿಳಿಯುತ್ತದೆ.

ಜಿಐ ಅಂದರೆ ಗ್ಲೈಸೆಮಿಕ್ ಇಂಡೆಕ್ಸ್. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಮುಂದಿಟ್ಟರು. ಅವರ ಮುಂದಿದ್ದ ಪ್ರಶ್ನೆ ಮಧುಮೇಹಿಗಳು ಏನು ತಿನ್ನಬೇಕು ಎಂಬುದು, ತೂಕ ಇಳಿಸುವುದಲ್ಲ. ಅಳೆಯುವ ಕ್ರಮ ಸರಳ. ಖಾಲಿ ಹೊಟ್ಟೆಯಲ್ಲಿರುವವರಿಗೆ, ಜೀರ್ಣವಾಗುವ 50 ಗ್ರಾಂ ಕಾರ್ಬೊಹೈಡ್ರೇಟ್ ಸಿಗುವಷ್ಟು ಆಹಾರ ಕೊಟ್ಟು, ಎರಡು ಗಂಟೆ ಕಾಲ ರಕ್ತದ ಸಕ್ಕರೆಯನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಅಷ್ಟೇ ಗ್ಲೂಕೋಸ್ ಕುಡಿದಾಗ ಆಗುವ ಏರಿಕೆಯನ್ನು 100 ಎಂದಿಟ್ಟುಕೊಂಡು ಹೋಲಿಸುತ್ತಾರೆ. ಹಳೆಯ ಪಟ್ಟಿಗಳಲ್ಲಿ ಕಲ್ಲಂಗಡಿಗೆ ಸಿಕ್ಕ ಅಂಕ 72. ಅದು ‘ಹೆಚ್ಚು’ ಎಂಬ ಗುಂಪಿನಲ್ಲಿ ಬೀಳುತ್ತದೆ.

ಎಡವಟ್ಟಾಗುವುದು ಆ 50 ಗ್ರಾಂನಲ್ಲಿ. ಕಲ್ಲಂಗಡಿಯ ಬಹುಪಾಲು ನೀರು. 100 ಗ್ರಾಂ ತಿರುಳಿನಲ್ಲಿ ಜೀರ್ಣವಾಗುವ ಕಾರ್ಬೊಹೈಡ್ರೇಟ್ ಸುಮಾರು 7 ಗ್ರಾಂ ಮಾತ್ರ. 50 ಗ್ರಾಂ ಸಿಗಬೇಕಾದರೆ ಏಳುನೂರು ಗ್ರಾಂನಷ್ಟು ತಿರುಳು ತಿನ್ನಬೇಕು. ಗಾಡಿಯವರು ಪ್ಲೇಟಿಗೆ ಹಾಕಿಕೊಡುವುದು ಸುಮಾರು 200 ಗ್ರಾಂ ಎಂದುಕೊಳ್ಳೋಣ.

ಈ ಕೊರತೆ ತುಂಬಲೆಂದೇ 1997ರಲ್ಲಿ ಹಾರ್ವರ್ಡ್ ಸಂಶೋಧಕರು ಗ್ಲೈಸೆಮಿಕ್ ಲೋಡ್ ಎಂಬ ಲೆಕ್ಕ ತಂದರು. ಜಿಐ ಅಂಕವನ್ನು, ನಾವು ನಿಜವಾಗಿ ತಿಂದ ಕಾರ್ಬೊಹೈಡ್ರೇಟ್ ಗ್ರಾಂಗಳಿಂದ ಗುಣಿಸಿ 100ರಿಂದ ಭಾಗಿಸಿದರೆ ಆಯಿತು. ಒಂದು ಪ್ಲೇಟ್ ಕಲ್ಲಂಗಡಿಯಲ್ಲಿ 14 ಗ್ರಾಂ ಇದೆ. 72ನ್ನು 14ರಿಂದ ಗುಣಿಸಿ 100ರಿಂದ ಭಾಗಿಸಿದರೆ ಸುಮಾರು 10. ಹತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’ ಎಂದೇ ಲೆಕ್ಕ. ಅದೇ ಹಣ್ಣು, ಆದರೆ ತೀರ್ಪು ತಿರುವುಮುರುವು.

ಹಾಗಾದರೆ ತೂಕ ಇಳಿಸಲು ಲೋಡ್ ನೋಡಿ ತಿಂದರೆ ಸಾಕೇ? ಅದೂ ಇಲ್ಲ. ಬಸವೇಶ್ವರನಗರದ ಹುಡುಗನೊಬ್ಬ ಸಂಜೆ ತಿನ್ನುತ್ತಿದ್ದ ಎರಡು ಏಲಕ್ಕಿ ಬಾಳೆಹಣ್ಣು ಬಿಟ್ಟು, 50 ಗ್ರಾಂ ಹುರಿದ ಕಡಲೆಬೀಜ ಹಿಡಿದ ಎಂದುಕೊಳ್ಳಿ. ಕಡಲೆಬೀಜದ ಜಿಐ 14ರ ಆಸುಪಾಸು, ಲೋಡ್ ಒಂದಕ್ಕೂ ಕಡಿಮೆ. ಪಟ್ಟಿಯ ಪ್ರಕಾರ ಅವನು ಗೆದ್ದ. ಆದರೆ ಆ ಎರಡು ಪುಟ್ಟ ಹಣ್ಣುಗಳಲ್ಲಿ ಇದ್ದದ್ದು ಸುಮಾರು 100 ಕ್ಯಾಲರಿ, ಕಡಲೆಬೀಜದಲ್ಲಿರುವುದು ಸುಮಾರು 280. ಬೇರೆ ಊಟದಲ್ಲಿ ಕಡಿತವಾಗದಿದ್ದರೆ ದಿನಕ್ಕೆ 180 ಕ್ಯಾಲರಿ ಹೆಚ್ಚಾಯಿತು. ಕೊಬ್ಬು ರಕ್ತದ ಸಕ್ಕರೆ ಏರಿಸುವುದಿಲ್ಲ, ಹಾಗಾಗಿ ಅದು ಈ ಎರಡೂ ಅಳತೆಗಳ ಕಣ್ಣಿಗೆ ಬೀಳುವುದೇ ಇಲ್ಲ. ಕಡಲೆಬೀಜ ಕೆಟ್ಟದ್ದೆಂದಲ್ಲ, ಅಳತೆಗೋಲು ಬೇರೆ ಕೆಲಸದ್ದು ಎಂದಷ್ಟೆ.

‘ಸಕ್ಕರೆ ಏರಿದರೆ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ಕೊಬ್ಬು ಕರಗಲು ಬಿಡುವುದಿಲ್ಲ’ ಎಂಬ ವಾದವೂ ಇದೆ. ಮೊದಲ ಭಾಗ ನಿಜ, ಎರಡನೆಯದು ಅರ್ಧ ನಿಜ. ಆರೋಗ್ಯವಂತರಲ್ಲಿ ಊಟದ ನಂತರ ಏರಿದ ಇನ್ಸುಲಿನ್ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ, ಆಗ ಕೊಬ್ಬು ಮತ್ತೆ ಹೊರಬರುತ್ತದೆ. ಉಳಿಯುವುದು ದಿನವಿಡೀ ತಿಂದದ್ದು ಮತ್ತು ಖರ್ಚಾದದ್ದರ ವ್ಯತ್ಯಾಸ. 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್‌ನ ಅಧ್ಯಯನದಲ್ಲಿ ಮಧುಮೇಹವಿಲ್ಲದ, ತೂಕ ಹೆಚ್ಚಿದ್ದ 609 ಮಂದಿ ಒಂದು ವರ್ಷ ಕಡಿಮೆ ಕೊಬ್ಬಿನ ಇಲ್ಲವೇ ಕಡಿಮೆ ಕಾರ್ಬೊಹೈಡ್ರೇಟ್‌ನ ಆಹಾರ ತಿಂದರು. ಸರಾಸರಿ ಇಳಿದದ್ದು 5.3 ಮತ್ತು 6 ಕಿಲೊ. ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇನ್ಸುಲಿನ್ ಹೆಚ್ಚು ಸ್ರವಿಸುವವರಿಗೆ ಇಂಥ ಆಹಾರವೇ ಸರಿ ಎಂದೂ ಸಿದ್ಧವಾಗಲಿಲ್ಲ.

ಜಿಐ ಪಟ್ಟಿಯಲ್ಲಿ ಕಾಣದ ಇನ್ನೊಂದು ಸಂಗತಿ ಹೊಟ್ಟೆ ತುಂಬುವುದು. ಸೇಬಿಗೂ ಅದರ ರಸಕ್ಕೂ ಜಿಐ ಅಂಕದಲ್ಲಿ ದೊಡ್ಡ ಅಂತರವಿಲ್ಲ, ಎರಡೂ 40ರ ಆಸುಪಾಸು. ಆದರೆ 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಊಟಕ್ಕೆ ಮೊದಲು ಇಡೀ ಸೇಬು ಕಡಿದು ತಿಂದವರು ಅಷ್ಟೇ ಕ್ಯಾಲರಿಯ ರಸ ಕುಡಿದವರಿಗಿಂತ ಕಡಿಮೆ ಊಟ ಮಾಡಿದರು. ಜ್ಯೂಸ್ ಅಂಗಡಿಯಲ್ಲಿ ಮೇಲಿಂದ ಸಕ್ಕರೆ ಬೀಳುವುದೂ ಉಂಟು.

ಆದ್ದರಿಂದ ಮಧುಮೇಹ ಇಲ್ಲದವರು ಹಣ್ಣಿನ ಅಂಕ ನೋಡುವ ಬದಲು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು: ಕಡಿದು ತಿನ್ನುತ್ತಿದ್ದೇನೆಯೇ, ಕುಡಿಯುತ್ತಿದ್ದೇನೆಯೇ? ಎಷ್ಟು ತಿನ್ನುತ್ತಿದ್ದೇನೆ? ಇದನ್ನು ಬಿಟ್ಟರೆ ಆ ಜಾಗಕ್ಕೆ ಏನು ಬರುತ್ತದೆ? ದಿನದಿನದ ತೂಕ ನೀರಿನಿಂದ ಏರಿಳಿಯುತ್ತದೆ, ವಾರದ ಸರಾಸರಿ ಮತ್ತು ಸೊಂಟದ ಸುತ್ತಳತೆ ನಾಲ್ಕು ವಾರ ಬರೆದಿಡಿ. ಇಳಿಯದಿದ್ದರೆ ಕಲ್ಲಂಗಡಿಯನ್ನಲ್ಲ, ಅದರ ಪಕ್ಕದಲ್ಲಿರುವ ಬಜ್ಜಿಯನ್ನು ಮೊದಲು ವಿಚಾರಿಸಿ. ಮಧುಮೇಹ ಇರುವವರಿಗೆ ಈ ಲೆಕ್ಕ ಬೇರೆ, ಅವರು ವೈದ್ಯರ ಮಾತನ್ನೇ ಕೇಳಬೇಕು.