ಮನೆಯಿಂದ ವಿಡಿಯೊ ಸಭೆ: ಚಿತ್ರ ತಡವರಿಸಿದಾಗ ಎಚ್.ಡಿ. ತಗ್ಗಿಸುವ ಕ್ರಮ

ತಾಲ್ಲೂಕು ಅಥವಾ ಜಿಲ್ಲಾ ಮಟ್ಟದ ವಿಡಿಯೊ ಸಭೆಗೆ ಮನೆಯಿಂದ ಹಾಜರಾಗುವ ಸದಸ್ಯರ ಮಾತು ನಡುವೆ ತುಂಡಾಗುವುದು, ಮುಖ ಪರದೆಯ ಮೇಲೆ ಹಾಗೆಯೇ ನಿಂತುಬಿಡುವುದು ಸಾಮಾನ್ಯವಾಗಿದೆ. ಕುಡಿಯುವ ನೀರಿನ ಕಾಮಗಾರಿಯ ಬಗ್ಗೆ ಹೇಳಿದ ಮಾತು ಅರ್ಧಕ್ಕೇ ನಿಂತರೆ ಅದು ನಡವಳಿಯಲ್ಲಿ ದಾಖಲಾಗದೆ ಉಳಿಯುವುದೂ ಉಂಟು.

ಸಂಪರ್ಕಕ್ಕೆ ಎರಡು ದಿಕ್ಕುಗಳಿವೆ: ಮನೆಗೆ ಬರುವುದು ಡೌನ್‌ಲೋಡ್, ಮನೆಯಿಂದ ಹೋಗುವುದು ಅಪ್‌ಲೋಡ್. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅಪ್‌ಲೋಡ್ ಸಾಮಾನ್ಯವಾಗಿ ಬಹಳ ಕಡಿಮೆ. ಆದುದರಿಂದ ಯೂಟ್ಯೂಬ್ ಸರಾಗವಾಗಿ ಓಡಿದ ಮಾತ್ರಕ್ಕೆ ಸಭೆಗೂ ಆ ಸಂಪರ್ಕ ಸಾಕೆಂದು ಭಾವಿಸಲಾಗದು.

ಉದಾಹರಣೆಗೆ, ಸದಸ್ಯರೊಬ್ಬರ ಮನೆಯಲ್ಲಿ ವೇಗ ಪರೀಕ್ಷಿಸಿದಾಗ ಡೌನ್‌ಲೋಡ್ 8 ಎಂಬಿಪಿಎಸ್, ಅಪ್‌ಲೋಡ್ 0.7 ಎಂಬಿಪಿಎಸ್ ಬಂದಿತೆಂದು ಇಟ್ಟುಕೊಳ್ಳೋಣ. ಎಚ್.ಡಿ. ಚಿತ್ರ ಕಳುಹಿಸಲು 1 ಎಂಬಿಪಿಎಸ್‌ಗಿಂತ ಹೆಚ್ಚು ಬೇಕಾಗಬಹುದು. ಹಿಡಿಸದ ಮಾಹಿತಿ ಕಿರಿದಾದ ತೂಬಿನ ಮುಂದೆ ನಿಂತ ನೀರಿನಂತೆ ಸಾಲುಗಟ್ಟುತ್ತದೆ. ಕೆಲವು ತುಣುಕುಗಳು ತಡವಾಗುತ್ತವೆ, ಕೆಲವು ಕಳೆದೇ ಹೋಗುತ್ತವೆ. ಧ್ವನಿಗೆ 0.1 ಎಂಬಿಪಿಎಸ್ ಕೂಡ ಬೇಡ. ಆದರೆ ಅದೂ ಅದೇ ಸಾಲಿನಲ್ಲಿ ಸಿಲುಕುವುದರಿಂದ ಮಾತು ತಡವರಿಸುತ್ತದೆ. ಆ್ಯಪ್ ತಾನಾಗಿಯೇ ಗುಣಮಟ್ಟ ಇಳಿಸುತ್ತದೆ, ನಿಜ. ಆದರೆ ಸ್ವಲ್ಪ ಅವಕಾಶ ಕಂಡೊಡನೆ ಮತ್ತೆ ಏರಿಸಲು ಯತ್ನಿಸುತ್ತದೆ. ಈ ಏರಿಳಿತವೂ ತೊಡಕೇ. ಮಿತಿಯನ್ನು ಮೊದಲೇ ನಿಗದಿಪಡಿಸುವುದು ಮೇಲು.

ಎಚ್.ಡಿ. ಚಿತ್ರದಲ್ಲಿ (720p) ಸುಮಾರು 9.2 ಲಕ್ಷ ಬಿಂದುಗಳಿದ್ದರೆ 360p ಚಿತ್ರದಲ್ಲಿ ಸುಮಾರು 2.3 ಲಕ್ಷ, ಅಂದರೆ ಕಾಲು ಭಾಗ ಮಾತ್ರ. ಸಭೆಯಲ್ಲಿ ಒಬ್ಬರ ಮುಖ ಸಣ್ಣ ಚೌಕದಲ್ಲಿ ಕಾಣುವುದರಿಂದ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಂಪ್ಯೂಟರಿನಲ್ಲಿ ಗೂಗಲ್ ಮೀಟ್ ಬಳಸುವವರು ಮೂರು ಚುಕ್ಕೆಗಳನ್ನು ಒತ್ತಿ Settings, ಅನಂತರ Video ತೆರೆದು, Send resolution ಎಂಬಲ್ಲಿ 360p ಆರಿಸಬೇಕು. ಮೊಬೈಲಿನ ಮೀಟ್ ಆ್ಯಪ್‌ನಲ್ಲಿ Limit data usage ಎಂಬುದನ್ನು ಚಾಲೂ ಮಾಡಿದರೆ ಸಾಕು. ಕಂಪ್ಯೂಟರಿನ ಜೂಮ್‌ನಲ್ಲಿ Settings, Video ತೆರೆದು HD ಗುರುತನ್ನು ತೆಗೆಯಬೇಕು.

ತೊಂದರೆ ಯಾವ ದಿಕ್ಕಿನದೆಂದು ಮೊದಲು ಗುರುತಿಸಿಕೊಳ್ಳಬೇಕು. ಇತರರ ಮಾತು ಸ್ಪಷ್ಟವಾಗಿ ಕೇಳಿಸುತ್ತಿದ್ದು, ತಮ್ಮ ಮಾತು ಮಾತ್ರ ಅವರಿಗೆ ತುಂಡಾಗುತ್ತಿದ್ದರೆ ಅದು ಬಹುತೇಕ ಅಪ್‌ಲೋಡ್ ಕೊರತೆ. ಮೇಲಿನ ಕ್ರಮ ಇಲ್ಲಿ ಫಲಿಸುತ್ತದೆ. ಇತರರ ಚಿತ್ರಗಳೇ ನಿಲ್ಲುತ್ತಿದ್ದರೆ ಮೀಟ್‌ನ Receive resolution ಅನ್ನೂ ಇಳಿಸಬೇಕು. ಒಬ್ಬ ಅಧಿಕಾರಿಯ ಮಾತು ಎಲ್ಲರಿಗೂ ತುಂಡಾಗಿ ಕೇಳಿಸಿದರೆ ದೋಷ ಅವರ ಕಡೆಯದು. ಸದಸ್ಯರು ತಮ್ಮ ಫೋನಿನಲ್ಲಿ ಏನು ಬದಲಿಸಿದರೂ ಪ್ರಯೋಜನವಿಲ್ಲ.

360pಗೆ ಇಳಿಸಿದ ಮೇಲೂ ಮಾತು ತುಂಡಾದರೆ ಸಿಗ್ನಲ್ಲೇ ದುರ್ಬಲವೆಂದು ತಿಳಿದು, ಫೋನನ್ನು ಕಿಟಕಿಯ ಬಳಿ ಇರಿಸಿ ನೋಡಬೇಕು. ಅದೂ ಫಲಿಸದಿದ್ದಲ್ಲಿ ತಮ್ಮ ವಿಷಯ ಮಂಡಿಸುವಾಗ ಕ್ಯಾಮೆರಾ ಮುಚ್ಚಿ, ಧ್ವನಿಯಲ್ಲಷ್ಟೇ ಮಾತನಾಡಬಹುದು.