ಆರಡಿ ಎಂಟಡಿ ಅಂಗಡಿಯ ಲೆಕ್ಕ

ಬೆಂಗಳೂರಿನ ಲಗ್ಗೆರೆ, ಪೀಣ್ಯದ ಸುತ್ತಮುತ್ತ ಗಾರ್ಮೆಂಟ್ಸ್ ಕಾರ್ಮಿಕರು ಬಾಡಿಗೆಗಿರುವ ಓಣಿಗಳಲ್ಲಿ ತರಕಾರಿ ಗಾಡಿ, ಮೊಬೈಲ್ ರೀಚಾರ್ಜ್ ಅಂಗಡಿ, ಹಾಲಿನ ಬೂತುಗಳ ನಡುವೆ ಒಂದೇ ಶಟರಿನ ಟೈಲರ್ ಅಂಗಡಿಗಳು ಸಿಗುತ್ತವೆ. ಅಂಥದ್ದೊಂದನ್ನು ತೆರೆಯುವವನ ಕಥೆ ಇದು. ಅವನು ಯಾರೋ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಇಂಥ ಹಲವರನ್ನು ಸೇರಿಸಿ ಕಟ್ಟಿಕೊಂಡವನು. ಹೆಸರು ಬೇಡ, ಓಣಿಯವರು ಕರೆಯುವಂತೆ ಮಾಸ್ತರ ಅನ್ನೋಣ. ಊರು ರಾಯಚೂರು ಕಡೆ. ಬೆಂಗಳೂರಿಗೆ ಬಂದು ಗಾರ್ಮೆಂಟ್ಸ್ ಸೇರಿ, ಕೆಲವು ವರ್ಷ ಶರ್ಟಿಗೆ ಕಾಲರ್ ಹಚ್ಚಿದ. ಈಗ ಸ್ವಂತ ಅಂಗಡಿ ಇಡುವ ಆಸೆ.

ಗಾರ್ಮೆಂಟ್ಸ್‌ನಲ್ಲಿ ಹೊಲಿದವನಿಗೆ ಅಂಗಡಿ ಇಡುವುದೇನು ಮಹಾ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಆದರೆ ಫ್ಯಾಕ್ಟರಿಯ ಲೈನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಕಾಲರ್ ಹಚ್ಚುವವನು ದಿನವಿಡೀ ಕಾಲರನ್ನೇ ಹಚ್ಚುತ್ತಾನೆ, ತೋಳು ಕೂಡಿಸುವವಳು ತೋಳನ್ನೇ ಕೂಡಿಸುತ್ತಾಳೆ. ಕಟಿಂಗ್ ಬೇರೆಯೇ ವಿಭಾಗದಲ್ಲಿ, ಪದರು ಪದರಾಗಿ ಪೇರಿಸಿದ ಬಟ್ಟೆಯ ಮೇಲೆ ಯಂತ್ರದಲ್ಲಿ ನಡೆದುಹೋಗುತ್ತದೆ. ಹಾಗಾಗಿ ಎಷ್ಟೋ ವರ್ಷ ದುಡಿದವರಿಗೂ ಒಂದು ಬ್ಲೌಸನ್ನು ಮೊದಲಿನಿಂದ ಕೊನೆಯವರೆಗೆ ಹೊಲಿಯಲು ಬರುವುದಿಲ್ಲ. ಕೈವೇಗ ಇರುತ್ತದೆ, ಕತ್ತರಿ ಇರುವುದಿಲ್ಲ. ನಮ್ಮ ಮಾಸ್ತರನಿಗೆ ಕತ್ತರಿ ಬಂದದ್ದು ಊರಿನಲ್ಲಿ, ಸೋದರಮಾವನ ಅಂಗಡಿಯಲ್ಲಿ ಕಾಜಾ ಹೊಲಿಯುತ್ತ, ಗುಂಡಿ ಹಚ್ಚುತ್ತ ಕುಳಿತಿದ್ದ ದಿನಗಳಲ್ಲಿ. ಆ ಹಳೆಯ ವಿದ್ಯೆ ಇರದಿದ್ದರೆ ಅವನು ಅಂಗಡಿಯ ಮಾತೇ ಎತ್ತುತ್ತಿರಲಿಲ್ಲ.

ಇನ್ನು ದುಡ್ಡು. ಆರಡಿ ಅಗಲ, ಎಂಟಡಿ ಉದ್ದದ ಮಳಿಗೆ. ತಿಂಗಳ ಬಾಡಿಗೆ 6,000 ರೂಪಾಯಿ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಹಳೆಯ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ಒಂದು ಹೊಲಿಗೆ ಬೀಳುವ ಮುನ್ನವೇ 60,000 ಹೋಯಿತು. ಅದರ ಮೇಲೆ ಸೆಕೆಂಡ್‌ಹ್ಯಾಂಡ್ ಮಷಿನ್ ಒಂದು, ಪೀಕೋ ಮಷಿನ್ ಇನ್ನೊಂದು, ಇಸ್ತ್ರಿ ಪೆಟ್ಟಿಗೆ, ಮೇಜು, ಬೋರ್ಡು. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಶುರುಮಾಡಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಸೇರಿದ್ದಾನೆ. ತರಬೇತಿಯ ಜೊತೆಗೆ ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಶೇ. 5ರ ಬಡ್ಡಿಗೆ ಸಾಲ. ಕೈಸಾಲದ ಬಡ್ಡಿ ಕಂಡವರಿಗೆ ಇದು ಅಗ್ಗವೇ. ಆದರೆ ಲಕ್ಷವನ್ನು 18 ತಿಂಗಳಲ್ಲಿ ತೀರಿಸಬೇಕು. ಅಂದರೆ ತಿಂಗಳಿಗೆ ಸುಮಾರು 5,800. ಅದು ಹೆಚ್ಚುಕಡಿಮೆ ಎರಡನೆಯ ಬಾಡಿಗೆಯೇ. ಮಾಸ್ತರ ಹೆಂಡತಿಯ ಚೀಟಿ ಎತ್ತಿ ಅಡ್ವಾನ್ಸ್ ಕೊಟ್ಟ, ಸಾಲವನ್ನು ಮಷಿನ್‌ಗಳಿಗೆ ಎಷ್ಟು ಬೇಕೋ ಅಷ್ಟೇ ತೆಗೆದುಕೊಂಡ. ಜಾಣತನದ ಕೆಲಸ ಎಂದೇ ನನ್ನ ಅಭಿಪ್ರಾಯ. ಬಾಡಿಗೆ ಕರಾರನ್ನು ಬರವಣಿಗೆಯಲ್ಲಿ ಮಾಡಿಸಿ, ಅಡ್ವಾನ್ಸಿನ ಮೊತ್ತವನ್ನು ಅದರಲ್ಲಿ ನಮೂದಿಸಿದ್ದು ಅದಕ್ಕಿಂತ ದೊಡ್ಡ ಜಾಣತನ. ಬಾಯಿಮಾತಿನ ಅಡ್ವಾನ್ಸ್ ಅಂಗಡಿ ಬಿಡುವ ದಿನ ಕರಗಿಹೋದ ಉದಾಹರಣೆ ಓಣಿಗೊಂದು ಸಿಗುತ್ತದೆ.

ಬೋರ್ಡಿನಲ್ಲಿ ಬರೆಸಿದ್ದು ‘ಬ್ಲೌಸ್, ಚೂಡಿದಾರ್ ಸ್ಪೆಷಲಿಸ್ಟ್’ ಅಂತ. ಆದರೆ ಬಾಡಿಗೆ ಹುಟ್ಟುವುದು ಬೋರ್ಡಿನಲ್ಲಿ ಇಲ್ಲದ ಕೆಲಸದಿಂದ. ಲೆಕ್ಕ ಹೀಗಿದೆ. ಲೈನಿಂಗ್ ಬ್ಲೌಸಿಗೆ 450 ರೂಪಾಯಿ ತೆಗೆದುಕೊಂಡರೆ ಅದರಲ್ಲಿ ಲೈನಿಂಗ್ ಬಟ್ಟೆಗೆ 80, ಹುಕ್ಕು ಮತ್ತು ದಾರಕ್ಕೆ 15, ಕೈಹೊಲಿಗೆಗೆ 30 ಹೋಗುತ್ತದೆ. ಉಳಿದದ್ದು 325. ಕಟಿಂಗ್‌ನಿಂದ ಇಸ್ತ್ರಿವರೆಗೆ ಎರಡೂವರೆ ಗಂಟೆ ಹಿಡಿದರೆ ತಾಸಿಗೆ 130 ರೂಪಾಯಿ ಬಿತ್ತು. ಅದೇ ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡುವ ಕೆಲಸಕ್ಕೆ 60 ರೂಪಾಯಿ. ಕಾಲು ಗಂಟೆಯಲ್ಲಿ ಮುಗಿಯುತ್ತದೆ, ದಾರ ಬಿಟ್ಟರೆ ಖರ್ಚಿಲ್ಲ. ತಾಸಿನ ಲೆಕ್ಕದಲ್ಲಿ 240. ಬಾಡಿಗೆ, ಕರೆಂಟು, ಚಹಾ ಎಲ್ಲ ಸೇರಿ ತಿಂಗಳಿಗೆ 7,800 ಆದರೆ, 26 ದಿನಕ್ಕೆ ಹಂಚಿದಾಗ ದಿನಕ್ಕೆ 300. ಐದು ಪ್ಯಾಂಟು ಬಂದರೆ ಆ ದಿನದ ಬಾಡಿಗೆ ಬಂತು.

ಹಾಗಿದ್ದರೆ ಆಲ್ಟರೇಷನ್ ಒಂದನ್ನೇ ಮಾಡಿದರಾಯಿತಲ್ಲ? ಆಗುವುದಿಲ್ಲ. ಐದು ಪ್ಯಾಂಟು ಬರುವ ದಿನವೂ ಇದೆ, ಒಂದೂ ಬಾರದ ದಿನವೂ ಇದೆ. ಅದು ದಾರಿಹೋಕರ ಕೆಲಸ. ಸಂಜೆ ಫ್ಯಾಕ್ಟರಿ ಬಿಟ್ಟು ಮನೆಗೆ ಹೋಗುವಾಗ ಕೊಟ್ಟು, ತರಕಾರಿ ತರುವಷ್ಟರಲ್ಲಿ ವಾಪಸ್ ಕೇಳುತ್ತಾರೆ. ಬ್ಲೌಸು ನಡುವಿನ ಖಾಲಿ ಹೊತ್ತನ್ನು ತುಂಬುತ್ತದೆ, ಜೊತೆಗೆ ಗಿರಾಕಿಯನ್ನು ಕಟ್ಟಿಹಾಕುತ್ತದೆ. ಒಮ್ಮೆ ಬ್ಲೌಸ್ ಸರಿಯಾಗಿ ಕೂತರೆ ಆ ಹೆಂಗಸು ಓಣಿ ಬದಲಿಸಿದರೂ ಟೈಲರನ್ನು ಬದಲಿಸುವುದಿಲ್ಲ. ಅದಕ್ಕೇ ಮಾಸ್ತರ ಅಂಗಡಿ ಹುಡುಕುವಾಗ ಬಟ್ಟೆ ಅಂಗಡಿಗಳ ಸಾಲನ್ನು ನೋಡಲಿಲ್ಲ. ಸಂಜೆ ಆರರಿಂದ ಎಂಟರವರೆಗೆ ಹೆಂಗಸರು ಯಾವ ಓಣಿಯಲ್ಲಿ ಹೆಚ್ಚು ನಡೆಯುತ್ತಾರೆ ಎಂದು ನೋಡಿದ. ಲೈನಿಂಗು, ಹುಕ್ಕು, ಲೇಸು ಸಗಟಾಗಿ ಬೇಕಾದಾಗ ಚಿಕ್ಕಪೇಟೆ, ಮಾಮೂಲ್‌ಪೇಟೆಗೆ ಬಸ್ಸು ಹತ್ತಿದರಾಯಿತು.

ಅಂಗಡಿ ಉಳಿಯುವುದೂ ಮುಳುಗುವುದೂ ಬ್ಲೌಸಿನಲ್ಲೇ. ಅದರ ಕಷ್ಟ ಶುರುವಾಗುವುದು ಅಳತೆ ಬ್ಲೌಸಿನಿಂದ. ಬಹಳ ಮಂದಿ ಮೈಯಳತೆ ಕೊಡುವುದಿಲ್ಲ, ಹಳೆಯ ಬ್ಲೌಸೊಂದನ್ನು ತಂದಿಟ್ಟು ‘ಇದರ ಹಾಗೇ ಹೊಲೀರಿ ಅಣ್ಣ’ ಎನ್ನುತ್ತಾರೆ. ಆ ಬ್ಲೌಸು ಸುಳ್ಳು ಹೇಳುತ್ತಿರಬಹುದು. ಬಳಸಿ ಬಳಸಿ ಹಿಗ್ಗಿರುತ್ತದೆ, ಅಥವಾ ಮೈ ಬಂದ ಮೇಲೆ ಪಕ್ಕ ಬಿಚ್ಚಿರುತ್ತದೆ. ಮಾಸ್ತರ ಮೊದಲು ಮಾಡುವುದು ಅದನ್ನು ಒಳಮೈ ತಿರುವಿ ನೋಡುವುದು. ಪಕ್ಕದಲ್ಲಿ ಸಮಾನಾಂತರವಾಗಿ ಎರಡು ಮೂರು ಹೊಲಿಗೆ ಸಾಲುಗಳ ಗುರುತಿದ್ದು, ಒಳಗಿನ ಸಾಲು ಬಿಚ್ಚಿದ್ದರೆ ಬ್ಲೌಸು ಅಗಲವಾಗಿದೆ ಎಂದರ್ಥ. ಈಗ ಮೈಗೆ ಕೂರುವುದು ಯಾವ ಸಾಲು ಎಂದು ಕೇಳಲೇಬೇಕು.

‘ಇದು ಈಗ ಬಿಗಿ ಆಗ್ತೈತೇನ್ರಿ ಅಕ್ಕಾರ, ಸರಿ ಐತೇನ್ರಿ?’

‘ಕೈ ಎತ್ತಿದ್ರೆ ಮೇಲಕ್ಕೆ ಹೋಗ್ಬಿಡತ್ತೆ ಅಣ್ಣ. ಕಂಕುಳು ಇನ್ನೂ ಸ್ವಲ್ಪ ಇಳಿಸಿ.’

ಇಲ್ಲೇ ಇರುವುದು ಕಸುಬಿನ ಗುಟ್ಟು. ಕೈ ಎತ್ತಿದಾಗ ಬ್ಲೌಸು ಇಡಿಯಾಗಿ ಮೇಲೇಳುತ್ತಿದ್ದರೆ, ಬಹುಪಾಲು ಆರ್ಮ್‌ಹೋಲ್ ಆಗಲೇ ಕೆಳಗಿಳಿದಿರುತ್ತದೆ. ತೋಳಿನ ಬುಡ ಕಂಕುಳಿಗೆ ಹತ್ತಿರವಿದ್ದಷ್ಟೂ ತೋಳು ತನ್ನ ಪಾಡಿಗೆ ತಾನು ಏಳುತ್ತದೆ. ಕೆಳಗಿದ್ದರೆ ಪಕ್ಕದ ಬಟ್ಟೆಯನ್ನೂ ಎಳೆದುಕೊಂಡೇ ಏಳಬೇಕು. ಗಿರಾಕಿ ಕೇಳಿದಂತೆ ಇನ್ನಷ್ಟು ಇಳಿಸಿದರೆ ರೋಗ ಉಲ್ಬಣಿಸುತ್ತದೆ, ಬೈಗುಳ ಟೈಲರಿಗೆ. ಅರ್ಧ ಇಂಚು ಏರಿಸಿ, ತೋಳಿನ ಅಗಲ ಸ್ವಲ್ಪ ಬಿಟ್ಟರೆ ಸರಿಹೋಗುತ್ತದೆ. ತೀರಾ ಏರಿಸಿದರೆ ಕಂಕುಳಲ್ಲಿ ಕಚ್ಚುತ್ತದೆ, ಮುಂಭಾಗದಲ್ಲಿ ಓರೆ ಸುಕ್ಕು ಬೀಳುತ್ತದೆ. ಇದನ್ನು ಗಿರಾಕಿಗೆ ವಿವರಿಸಿ ಒಪ್ಪಿಸಲು ಒಂದಿಷ್ಟು ಮಾತುಗಾರಿಕೆಯೂ ಬೇಕು. ಹೊಸ ಅಂಗಡಿಯವನು ಅಂಜಿ, ಹೇಳಿದಂತೆಯೇ ಹೊಲಿದು ಕೆಡುತ್ತಾನೆ.

ಬಟ್ಟೆ ಕತ್ತರಿಸುವ ಮುನ್ನ ಇನ್ನೊಂದು ಪರೀಕ್ಷೆ. ಸೀರೆಯ ಜೊತೆಯಲ್ಲೇ ಬರುವ ಬ್ಲೌಸ್ ಪೀಸು ಸಾಮಾನ್ಯವಾಗಿ 80 ಸೆಂಟಿಮೀಟರ್. ಎದೆ ಸುತ್ತಳತೆ 40 ಇಂಚು ದಾಟಿ, ಮೊಣಕೈವರೆಗೆ ತೋಳು ಬೇಕೆಂದರೆ ಅದು ಸಾಲದೆ ಹೋಗಬಹುದು. ಅಂಚು ತೋಳಿಗೆ ಬರಬೇಕಾದ್ದರಿಂದ ಮೊದಲು ತೋಳನ್ನು ಹಾಸಿ, ಉಳಿದ ಜಾಗದಲ್ಲಿ ಬೆನ್ನು, ಮುಂಭಾಗ ಕೂರುತ್ತವೆಯೇ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ನೋಡಬೇಕು. ಕೂರದಿದ್ದರೆ ಆಗಲೇ ಫೋನ್ ಮಾಡಿ ‘ತೋಳು ಎರಡಿಂಚು ಕಡಿಮೆ ಆಗ್ತೈತ್ರಿ’ ಎಂದು ಹೇಳಿಬಿಡುವುದು ಕ್ಷೇಮ. ಸೀರೆಯ ಜೊತೆ ನೇಯ್ದ ಬಟ್ಟೆ ಕೆಟ್ಟರೆ ಅದೇ ಬಣ್ಣ, ಅದೇ ಅಂಚು ಇನ್ನೆಲ್ಲೂ ಸಿಗುವುದಿಲ್ಲ. ಪಕ್ಕಗಳಲ್ಲಿ ಇಂಚಿನಿಂದ ಇಂಚೂವರೆ ಬಟ್ಟೆ ಒಳಗೆ ಬಿಡುವುದೂ ಈ ಭಯಕ್ಕೇ. ನಾಳೆ ಬಿಚ್ಚಲು ಅವಕಾಶವಿರಬೇಕು.

ಲೈನಿಂಗನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಬೇಕೆಂಬುದು ಎಲ್ಲರಿಗೂ ಗೊತ್ತಿರುವ, ಹಬ್ಬದ ಗಡಿಬಿಡಿಯಲ್ಲಿ ಎಲ್ಲರೂ ಬಿಟ್ಟುಬಿಡುವ ನಿಯಮ. ಹತ್ತಿಯ ಲೈನಿಂಗು ಮೊದಲ ಒಗೆತಕ್ಕೆ ಕುಗ್ಗುತ್ತದೆ, ಮೇಲಿನ ರೇಷ್ಮೆ ಅಥವಾ ಸಿಂಥೆಟಿಕ್ ಅಷ್ಟು ಕುಗ್ಗುವುದಿಲ್ಲ. ಆಗ ಹೊರಬಟ್ಟೆ ಗುಳ್ಳೆಗುಳ್ಳೆಯಾಗಿ ನಿಲ್ಲುತ್ತದೆ. ಸೀರೆಯ ಫಾಲ್ ಕೂಡ ಹಾಗೆಯೇ: ನೆನೆಸದ ಫಾಲ್ ಹಚ್ಚಿದ ಸೀರೆಯ ಅಂಚು ಒಗೆದ ಮೇಲೆ ಮುದುಡಿಕೊಂಡು, ನೆರಿಗೆಯೇ ನಿಲ್ಲುವುದಿಲ್ಲ. ಹೊಸ ಸೀರೆಯಲ್ಲಿ ಈ ತಪ್ಪು ಕಾಣುವುದೇ ಇಲ್ಲ. ಗಿರಾಕಿಗೆ ಗೊತ್ತಾಗುವ ಹೊತ್ತಿಗೆ ದುಡ್ಡು ಕೊಟ್ಟು ತಿಂಗಳಾಗಿರುತ್ತದೆ. ಅವಳು ಜಗಳಕ್ಕೂ ಬರುವುದಿಲ್ಲ, ಮುಂದಿನ ಸೀರೆಯನ್ನು ಬೇರೆ ಕಡೆ ಕೊಡುತ್ತಾಳೆ ಅಷ್ಟೆ.

ನಲವತ್ತೆಂಟು ಚದರಡಿಯಲ್ಲಿ ಇಷ್ಟೆಲ್ಲ ಹೇಗೆ? ಮಷಿನ್ ಶಟರಿನ ಬಾಯಿಗೆ, ಬೆಳಕಿಗೆ. ಕಟಿಂಗ್ ಮೇಜು ಗೋಡೆಗೆ ಕೀಲು ಹಾಕಿದ್ದು, ಕೆಲಸ ಮುಗಿದ ಮೇಲೆ ಮಡಚಿ ಏರಿಸುತ್ತಾನೆ. ಮುಗಿದ ಬಟ್ಟೆಗಳು ತಲೆಯ ಮೇಲಿನ ಕಂಬಿಯಲ್ಲಿ. ದಾರದ ಬಣ್ಣ ಹೊಂದಿಸಲು ಮಾತ್ರ ಸೀರೆ ಹಿಡಿದು ಓಣಿಗೆ ಇಳಿಯುತ್ತಾನೆ. ಟ್ಯೂಬ್‌ಲೈಟಿನಲ್ಲಿ ಒಂದೇ ಎನ್ನಿಸಿದ ಎರಡು ಮೆಜೆಂತಾಗಳು ಬಿಸಿಲಿನಲ್ಲಿ ಬೇರೆಯಾಗುತ್ತವೆ. ಬಿಲ್ ಪುಸ್ತಕದ ಪ್ರತಿ ಹಾಳೆಗೂ ಆ ಬಟ್ಟೆಯದೇ ಚೂರೊಂದನ್ನು ಪಿನ್ ಮಾಡಿರುತ್ತಾನೆ. ಚೀಟಿ ಕಳೆದುಕೊಂಡು ಬಂದವರಿಗೆ ‘ಯಾವ ಬಣ್ಣದ್ದು?’ ಎಂದು ಕೇಳಿದರೆ ಸಾಕು.

ಶ್ರಾವಣ ಬಂದಾಗ ಈ ವ್ಯವಸ್ಥೆಯೆಲ್ಲ ಒದ್ದಾಡುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ವಾರವಿರುವಾಗ ಓಣಿಗೆ ಓಣಿಯೇ ಬ್ಲೌಸ್ ಹಿಡಿದು ನಿಲ್ಲುತ್ತದೆ. ದಿನಕ್ಕೆ ನಾಲ್ಕು ಬ್ಲೌಸ್ ಹೊಲಿಯುವವನು ವಾರಕ್ಕೆ 28ಕ್ಕಿಂತ ಹೆಚ್ಚು ಒಪ್ಪಿಕೊಳ್ಳುವಂತಿಲ್ಲ, ಆಲ್ಟರೇಷನ್ ಇದ್ದರೆ ಅದಕ್ಕೂ ಕಡಿಮೆ. ಆದರೆ ಬೇಡ ಎಂದರೆ ಗಿರಾಕಿ ಎದುರು ಓಣಿಗೆ ಹೋಗುತ್ತಾಳೆ. ಮಾಸ್ತರ ಕಂಡುಕೊಂಡ ದಾರಿ ಕೆಲಸವನ್ನು ಒಡೆಯುವುದು. ಹೆಮ್ಮಿಂಗ್ ಮತ್ತು ಹುಕ್ಕಿನ ಕೆಲಸ ಮೊದಲಿನಿಂದಲೂ ಓಣಿಯ ಇಬ್ಬರು ಹೆಂಗಸರ ಮನೆಗೆ ಹೋಗುತ್ತಿತ್ತು. ಹಬ್ಬದ ಸಮಯದಲ್ಲಿ ಹೊಲಿಗೆಯೂ ಹೋಗುತ್ತದೆ: ಅವನು ಕತ್ತರಿಸಿ, ಲೈನಿಂಗ್ ಸಮೇತ ಕಟ್ಟು ಕಟ್ಟಿ ಕೊಟ್ಟರೆ, ಹಿಂದೆ ಗಾರ್ಮೆಂಟ್ಸ್‌ನಲ್ಲಿ ತೋಳು ಕೂಡಿಸುತ್ತಿದ್ದ ಹೆಂಗಸೊಬ್ಬಳು ಮನೆಯಲ್ಲೇ ಹೊಲಿದು ಕೊಡುತ್ತಾಳೆ. ಪೀಸಿಗೆ 150. ಅವಳಿಗೆ ಕತ್ತರಿ ಬಾರದು, ಅವನ ಅಂಗಡಿಯಲ್ಲಿ ಎರಡನೆಯ ಮಷಿನ್‌ಗೆ ಜಾಗವಿಲ್ಲ. 325ರಲ್ಲಿ 150 ಕಳೆದರೆ ಅವನಿಗೆ ಉಳಿಯುವುದು 175, ಆದರೆ ಕಟಿಂಗಿಗೆ ಹಿಡಿಯುವುದು ಅರ್ಧ ಗಂಟೆ ಮಾತ್ರ. ಹಬ್ಬ ಮುಗಿದ ಮೇಲೂ ಹೀಗೇ ನಡೆಸಬಹುದೇ ಎಂದು ಅವನೀಗ ಲೆಕ್ಕ ಹಾಕುತ್ತಿದ್ದಾನೆ. ಅದಕ್ಕೆ ವಾರಕ್ಕೆ ಕನಿಷ್ಠ ಹದಿನೈದು ಬ್ಲೌಸಾದರೂ ಬರಬೇಕು. ಆಷಾಢದಲ್ಲಿ ಅಷ್ಟು ಬರುವುದಿಲ್ಲ.